ಜಿಮ್‌ಗೆ ಕಟ್ಟುವ ಮೊದಲು ನಿಮ್ಮ ಹಾಜರಿಯ ಲೆಕ್ಕ

ಪ್ರಶ್ನೆ: ಜಿಮ್‌ನವರು ವರ್ಷದ ಪ್ಲಾನ್ ತಗೊಂಡ್ರೆ ತುಂಬಾ ಅಗ್ಗ ಅಂತಾರೆ. ಜಾಯ್ನಿಂಗ್ ಫೀ ಬೇರೆ ಇದೆ. ವಾರಕ್ಕೆ ನಾಲ್ಕು ದಿನ ಹೋಗಬೇಕು ಅಂದ್ಕೊಂಡಿದ್ದೀನಿ. ವರ್ಷದ್ದು ತಗೊಳ್ಳಲಾ, ಹೋದಷ್ಟು ದಿನಕ್ಕೆ ಕೊಡಲಾ?

ಈಗಲೇ ವರ್ಷದ್ದು ಕಟ್ಟಬೇಡಿ. ಮೊದಲು ಹತ್ತು ಭೇಟಿಯ ಪಾಸ್ ತೆಗೆದುಕೊಳ್ಳಿ. ಅದು ಖಾಲಿಯಾಗಲು ಎಷ್ಟು ದಿನ ಹಿಡಿಯಿತು ಎಂಬುದರಲ್ಲೇ ನಿಮಗೆ ಬೇಕಾದ ಉತ್ತರವಿದೆ.

ಬೆಲೆ ಒಂದೊಂದು ಜಿಮ್‌ನಲ್ಲಿ ಒಂದೊಂದು ಥರ ಇರುವುದರಿಂದ ಹಣದ ಬದಲು ಒಂದು ದಿನದ ಪಾಸನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ. ದಿನದ ಪಾಸ್ ಬೆಲೆ 1 ಎಂದುಕೊಳ್ಳಿ. ಹತ್ತು ಭೇಟಿಯ ಪಾಸ್ 8, ವರ್ಷದ ಪ್ಲಾನ್ 50, ಜಾಯ್ನಿಂಗ್ ಫೀ 6 ಎಂದಿರಲಿ. ಈ ಜಾಗದಲ್ಲಿ ನಿಮ್ಮ ಜಿಮ್‌ನ ದರ ಹಾಕಿಕೊಂಡರೆ ಲೆಕ್ಕದ ದಾರಿ ಇದೇ.

ವಾರಕ್ಕೆ ನಾಲ್ಕು ದಿನ ಅಂದರೆ ವರ್ಷಕ್ಕೆ 208 ಭೇಟಿ. ಪ್ಲಾನ್ ಮತ್ತು ಫೀ ಸೇರಿದ 56ನ್ನು 208ರಿಂದ ಭಾಗಿಸಿದರೆ ಭೇಟಿಗೆ 0.27 ಬೀಳುತ್ತದೆ. ಕೌಂಟರ್‌ನಲ್ಲಿ ನಿಮಗೆ ತೋರಿಸುವುದು ಈ ಲೆಕ್ಕವನ್ನೇ. ಆದರೆ ಹೊಸದಾಗಿ ಸೇರಿದವರ ಹಾಜರಿ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಮೊದಲ ಎರಡು ತಿಂಗಳು ತಲಾ 14 ಸಲ, ಮುಂದಿನ ಎರಡು ತಿಂಗಳು ತಲಾ 9 ಸಲ, ಆಮೇಲೆ ಎರಡು ತಿಂಗಳು ತಲಾ 5, ಇನ್ನೆರಡು ತಿಂಗಳು ತಲಾ 3, ಕೊನೆಯ ನಾಲ್ಕು ತಿಂಗಳು ತಲಾ ಒಂದೊಂದು ಸಲ ಹೋದಿರಿ ಎಂದುಕೊಳ್ಳಿ. ಒಟ್ಟು 66. ಈಗ ಭೇಟಿಗೆ 0.85 ಆಯಿತು. ಏಳು ಪಾಸ್ ಕೊಂಡಿದ್ದರೂ ಅದೇ 56 ಖರ್ಚಾಗುತ್ತಿತ್ತು, ನಾಲ್ಕು ಭೇಟಿ ಕೈಯಲ್ಲಿ ಉಳಿದಿರುತ್ತಿತ್ತು. ನಾಲ್ಕನೇ ತಿಂಗಳ ನಂತರ ಪೂರ್ತಿ ನಿಲ್ಲಿಸಿಬಿಟ್ಟರಂತೂ 46 ಭೇಟಿಗೆ 56 ಕೊಟ್ಟ ಹಾಗೆ, ಅಂದರೆ ದಿನದ ಪಾಸ್‌ಗಿಂತಲೂ ದುಬಾರಿ. ಹತ್ತರ ಪಾಸ್‌ನಲ್ಲಾದರೆ 40ಕ್ಕೆ ಮುಗಿಯುತ್ತಿತ್ತು.

ಇದು ನಿಮ್ಮೊಬ್ಬರ ಮಾತಲ್ಲ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿ ದಾಖಲೆ ನೋಡಿ 2006ರಲ್ಲಿ ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕೊಡುತ್ತಿದ್ದವರು ಸರಾಸರಿ 4.3 ಸಲ ಮಾತ್ರ ಹೋಗುತ್ತಿದ್ದರು. ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ಬೀಳುತ್ತಿತ್ತು. ಅದೇ ಕ್ಲಬ್‌ಗಳಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಭೇಟಿಗೆ 10 ಡಾಲರ್. ಜನ ಮುಂದೆ ಎಷ್ಟು ಹೋಗುತ್ತೇವೆಂದು ಜಾಸ್ತಿಯೇ ಅಂದಾಜು ಮಾಡಿಕೊಳ್ಳುತ್ತಾರೆ ಎಂಬುದೇ ಅವರು ಕೊಟ್ಟ ಮುಖ್ಯ ಕಾರಣ.

ಹಾಗಾದರೆ ವರ್ಷದ ಪ್ಲಾನ್ ಯಾವಾಗ ಗಿಟ್ಟುತ್ತದೆ? ಪಾಸ್‌ನಲ್ಲಿ ಭೇಟಿಗೆ 0.8 ಬೀಳುವುದರಿಂದ 56ನ್ನು 0.8ರಿಂದ ಭಾಗಿಸಿ: 70 ಭೇಟಿ. ಅದಕ್ಕಿಂತ ಹೆಚ್ಚು ಹೋದರಷ್ಟೇ ಲಾಭ. 70 ಭೇಟಿ ಅಂದರೆ ಏಳು ಪಾಸ್, 365ನ್ನು ಏಳರಿಂದ ಭಾಗಿಸಿದರೆ ಒಂದು ಪಾಸ್‌ಗೆ ಸುಮಾರು 52 ದಿನ. ನಿಮ್ಮ ಹತ್ತು ಭೇಟಿ ಮುಗಿಯಲು 52 ದಿನಕ್ಕಿಂತ ಹೆಚ್ಚು ಹಿಡಿದರೆ ವರ್ಷದ ಪ್ಲಾನ್ ನಷ್ಟ, 25-30 ದಿನದಲ್ಲೇ ಮುಗಿದರೆ ವರ್ಷದ್ದೇ ಸರಿ. ಆದರೆ ಮೊದಲ ಪಾಸನ್ನು ನಂಬಿ ತೀರ್ಮಾನಿಸಬೇಡಿ, ಅದು ಹೊಸ ಹುರುಪಿನಲ್ಲಿ ಬೇಗ ಮುಗಿಯುತ್ತದೆ. ಎರಡನೆಯದು, ಸಾಧ್ಯವಾದರೆ ಮೂರನೆಯದು ಎಷ್ಟು ದಿನ ಬಂತು ಎಂದು ನೋಡಿ. ಈಗಾಗಲೇ ಎಲ್ಲಾದರೂ ಸದಸ್ಯರಾಗಿದ್ದರೆ ರಿಸೆಪ್ಷನ್‌ನಲ್ಲಿ ನಿಮ್ಮ ಚೆಕ್-ಇನ್ ದಾಖಲೆ ಕೇಳಿ. ಕಾರ್ಡ್ ಅಥವಾ ಬೆರಳಚ್ಚು ಒತ್ತಿ ಒಳಗೆ ಹೋಗುವ ಕಡೆ ತಾರೀಖು ಸಮೇತ ಸಿಗುತ್ತದೆ. ನೆನಪಿನ ಲೆಕ್ಕಕ್ಕಿಂತ ಅದು ಎಷ್ಟೋ ಗಟ್ಟಿ.

ಪಾಸ್‌ಗೆ ಅವಧಿ ಎಷ್ಟು ಎಂದು ಮೊದಲೇ ಕೇಳಿ. ಒಂದೇ ತಿಂಗಳಿಗೆ ರದ್ದಾಗುವ ಹತ್ತರ ಪಾಸ್ ನಿಜದಲ್ಲಿ ತಿಂಗಳ ಪ್ಲಾನ್ ಇದ್ದ ಹಾಗೆಯೇ, ಮೇಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಪಾಸೇ ಇಲ್ಲದ ಜಿಮ್ ಆದರೆ ಎರಡು ಮೂರು ತಿಂಗಳು ಬಿಡಿಯಾಗಿ ಕಟ್ಟಿ ನೋಡಿ. ತುಸು ಜಾಸ್ತಿ ಕೊಟ್ಟಂತೆ ಅನಿಸಿದರೂ ಸೋತರೆ ಹೋಗುವ ಹಣ ಕಡಿಮೆ.

ಜಾಯ್ನಿಂಗ್ ಫೀ ಬಗ್ಗೆ ಕೇಳಲೇಬೇಕಾದದ್ದು ಇಷ್ಟು: ನಡುವೆ ಬಿಟ್ಟು ಮತ್ತೆ ಸೇರಿದರೆ ಅದನ್ನು ಮತ್ತೆ ಕಟ್ಟಬೇಕೇ? ಒಂದೇ ಸಲದ್ದಾದರೆ ಎರಡನೇ ವರ್ಷ 70 ಇದ್ದದ್ದು 63 ಭೇಟಿಗೆ ಇಳಿಯುತ್ತದೆ. ಪ್ರತಿ ಸಲವೂ ಕಟ್ಟಬೇಕಾದರೆ, ಬಿಟ್ಟು ಬಿಟ್ಟು ಹೋಗುವವರಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಅದೇ. ಊರಿಗೆ ಹೋದಾಗ, ಹುಷಾರಿಲ್ಲದಾಗ ಪ್ಲಾನ್ ಫ್ರೀಜ್ ಮಾಡಲು ಎಷ್ಟು ದಿನ ಬಿಡುತ್ತಾರೆ ಎಂಬುದನ್ನೂ ಬಾಯಿಮಾತಲ್ಲಿ ಅಲ್ಲ, ರಸೀದಿಯಲ್ಲೇ ಬರೆಸಿಕೊಳ್ಳಿ.