d5ದಾಗಿನ ಕುದುರಿಗೆ ರೂಕ್ ಕೊಡಬಹುದೇನು?

"ನಂದು ಕಪ್ಪು. ರೂಕ್ ಕೊಟ್ಟು ಬಿಷಪ್ ತಗೊಂಡ್ರ ಕುದುರಿ d5ದಾಗ ಗಟ್ಟಿ ಕೂಡ್ತದ, ಆದ್ರ ಪ್ಯಾದಿ ಒಂದೂ ಸಿಗಂಗಿಲ್ಲ. ಎಂಜಿನ್ ಇಲ್ದ ಹೆಂಗ ತೂಗೋದ್ರಿ?"

ಮೊದಲ ಕುದುರಿ ನೋಡಬ್ಯಾಡ್ರಿ, ಯಾವ ಬಿಷಪ್ ಹೋಗ್ತದ ಅದನ್ನ ನೋಡ್ರಿ. d5 ಬಿಳಿ ಮನಿ. ಎದುರಿನವರ ಬಿಳಿ ಮನಿ ಬಿಷಪ್ಪೇ ಹೋದ್ರ, ಅದನ್ನ ಹೊಡಿಯಾಕ ಅವರ ಕುದುರಿ ಒಂದ ಉಳಿತದ. ಆ ಕುದುರಿ c3, e3 ಇಲ್ಲಾ f4ಕ್ಕ ಬರೂವಂಗಿದ್ರ ಬಿಟ್ಟಬಿಡ್ರಿ: d5ದಾಗ ಕುದುರಿ-ಕುದುರಿ ಹೊಡದಾಡಿ ಹೋದ್ರ ನಿಮಗ ಬರೇ ರೂಕಿನ ನಷ್ಟ.

1953ರ ಜೂರಿಕ್ ಟೂರ್ನಮೆಂಟಿನ ರೆಶೆವ್ಸ್ಕಿ–ಪೆಟ್ರೋಸಿಯಾನ್ ಆಟ ಬೋರ್ಡಿನ ಮ್ಯಾಲ ಇಟ್ಟು ನೋಡ್ರಿ:

```
25...Re6 26.a4 Ne7 27.Bxe6 fxe6 28.Qf1 Nd5
```

ಬಿಳಿಯ ಪ್ಯಾದಿಗಳು c3, d4, e5. ರೂಕ್ e6ದಾಗ ನಿಂತು e-ಪ್ಯಾದಿ ತಡೀತು, ಕುದುರಿಗೆ e7 ಖಾಲಿ ಆತು. ರೂಕ್ ಹೊಡದ ಮ್ಯಾಲ ಬಿಳಿ ಮನಿ ಕಾಯೋ ಬಿಷಪ್ಪೇ ಇಲ್ಲ, f7 ಪ್ಯಾದಿ e6ಕ್ಕ ಬಂದು d5ಕ್ಕ ಆಸರಾತು. ಕಪ್ಪಿನ ಪ್ಯಾದಿ c4ದಾಗ ಇರೋದಕ್ಕ c3 ಪ್ಯಾದಿ ಮುಂದ ಬಂದು ಕುದುರಿ ಓಡ್ಸಾಕ ಆಗಂಗಿಲ್ಲ. ಕಡೀಕ ರೆಶೆವ್ಸ್ಕಿನೇ 30ನೇ ನಡಿಗೆ d3ದಾಗ ರೂಕ್ ವಾಪಸ್ ಕೊಟ್ರು, ಆಟ ಡ್ರಾ. ಗೆಲುವಲ್ಲ, ಅದನ್ನೂ ನೆನಪಿಡ್ರಿ.

ಇನ್ನ ಫೈಲ್. ಅಲ್ಲಿ ನಡುವಿನ ಫೈಲ್ ಮುಚ್ಚಿದ್ದಕ್ಕ ಬಿಳಿ ರೂಕಿಗೆ ಕೆಲಸ ಇರಲಿಲ್ಲ. ನಿಮ್ಮ ಆಟದಾಗ ತೆರೆದ ಫೈಲಿನಿಂದ 7ನೇ ಸಾಲಿಗೆ ರೂಕ್ ನುಗ್ಗೂವಂಗಿದ್ರ ಕುದುರಿ ಎಷ್ಟ ಚಂದ ಕೂತರೂ ಉಪಯೋಗಿಲ್ಲ. ಮತ್ತ ನಿಮ್ಮ ಉಳಿದ ರೂಕ್ ಬದಲಿ ಮಾಡ್ಕೋಬ್ಯಾಡ್ರಿ. ಅದು ಹೋದ್ರ ಅವರ ಕೊನೀ ರೂಕಿಗೆ ಎದುರಾಳಿನೇ ಇರಂಗಿಲ್ಲ.