ಶಿವಾರಪಟ್ಟಣದ ಗಣಪನನ್ನು ಮೆಲ್ಬರ್ನ್‌ಗೆ ಕಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಅಪ್ಪ ವಿಗ್ರಹ ಕೆತ್ತುತ್ತಾರೆ, ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ಹಾಕುತ್ತೇನೆ. ಮೆಲ್ಬರ್ನ್‌ನಲ್ಲಿರುವ ಕನ್ನಡದವರೊಬ್ಬರು ಬಳಪದ ಕಲ್ಲಿನ ಒಂಬತ್ತು ಇಂಚಿನ ಗಣಪ ಕೇಳಿದ್ದಾರೆ. ಚೆನ್ನಾಗಿದ್ದರೆ ಸ್ನೇಹಿತರಿಗೂ ತರಿಸುತ್ತಾರಂತೆ. "ಕಸ್ಟಮ್ಸ್ ಕಾಗದದಲ್ಲಿ ಗಿಫ್ಟ್ ಅಂತ ಬರೆದುಬಿಡಿ, ದುಡ್ಡು ಬೆಂಗಳೂರಿನಲ್ಲಿರುವ ನನ್ನ ಅಣ್ಣ ಹಾಕುತ್ತಾನೆ" ಅನ್ನುತ್ತಾರೆ. ಹಾಗೆ ಮಾಡಬಹುದಾ? ಅಂಚೆಯಲ್ಲಿ ಕಳಿಸಬೇಕಾ, ಕೊರಿಯರ್‌ನಲ್ಲಾ? ಡಾಲರ್‌ನಲ್ಲಿ ಎಷ್ಟು ಹೇಳಬೇಕು?

ಉತ್ತರ: ಗಿಫ್ಟ್ ಎಂದು ಬರೆಯಬೇಡಿ. ಅದರಿಂದ ಅವರಿಗೆ ಲಾಭವಿಲ್ಲ, ನಿಮಗೆ ನಷ್ಟವಿದೆ. ಆಸ್ಟ್ರೇಲಿಯಾದಲ್ಲಿ 1000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸರಕಿಗೆ ಗಡಿಯಲ್ಲಿ ಸುಂಕ ಹಾಕುವುದಿಲ್ಲ. ಒಂಬತ್ತು ಇಂಚಿನ ಒಂದು ಗಣಪ ಆ ಮಿತಿಯೊಳಗೆ ಸಲೀಸಾಗಿ ಬರುತ್ತದೆ, ಸುಳ್ಳು ಹೇಳಿ ಉಳಿಸುವಂಥದ್ದೇ ಇಲ್ಲ. ನಿಮ್ಮ ಕಡೆ ನೋಡಿದರೆ, ಗಿಫ್ಟ್ ಎಂದು ಹೋದ ಪಾರ್ಸೆಲ್ ರಫ್ತಿನ ಲೆಕ್ಕಕ್ಕೆ ಸೇರುವುದಿಲ್ಲ. ನಾಳೆ ಖಾತೆಗೆ ವಿದೇಶದಿಂದ ಹಣ ಬಂದಾಗ "ಇದು ಯಾವ ಸರಕಿನ ಹಣ?" ಎಂದು ಬ್ಯಾಂಕ್ ಕೇಳಿದರೆ ತೋರಿಸಲು ಕಾಗದ ಇರುವುದಿಲ್ಲ. ಪರಿಹಾರವೂ ಕಾಗದದಲ್ಲಿ ಬರೆದ ಬೆಲೆಯನ್ನು ಮೀರಿ ಸಿಗುವುದಿಲ್ಲ. ಗಿಫ್ಟ್ ಎಂದು ಸಾವಿರ ರೂಪಾಯಿ ಬರೆದು, ದಾರಿಯಲ್ಲಿ ಸೊಂಡಿಲು ಮುರಿದರೆ ಆ ಸಾವಿರಕ್ಕೇ ಲೆಕ್ಕ ಮುಗಿಯಿತು.

ಮಾರಾಟ ಎಂದೇ ಕಳಿಸಲು ಮೊದಲು ಬೇಕಾದದ್ದು ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ. dgft.gov.in ಜಾಲತಾಣದಲ್ಲಿ ಅರ್ಜಿ ಹಾಕಿ 500 ರೂಪಾಯಿ ಶುಲ್ಕ ಕಟ್ಟಿದರೆ ಸಿಗುತ್ತದೆ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದೇ ಜಾಲತಾಣಕ್ಕೆ ಹೋಗಿ ವಿವರ ಸರಿ ಇದೆ ಎಂದು ದೃಢಪಡಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಪಾರ್ಸೆಲ್ ನಿಂತಾಗ. ಅರ್ಜಿಯನ್ನು ಅಪ್ಪನ ಹೆಸರಿನಲ್ಲಿ ಹಾಕುತ್ತೀರೋ ನಿಮ್ಮ ಹೆಸರಿನಲ್ಲೋ ಈಗಲೇ ತೀರ್ಮಾನಿಸಿ. ಇನ್‌ವಾಯ್ಸ್, ಬ್ಯಾಂಕ್ ಖಾತೆ, ಐಇಸಿ ಮೂರರಲ್ಲೂ ಒಂದೇ ಹೆಸರಿರಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ನಿಮಗೆ ನೋಂದಣಿ ಬೇಕೇ ಎಂಬುದನ್ನು ಆಡಿಟರ್ ಜೊತೆ ಒಮ್ಮೆ ಕೂತು ಮಾತಾಡಿ.

ಇನ್ನು ಕಸ್ಟಮ್ಸ್ ಕಾಗದ. ಅಂಚೆಯಲ್ಲಿ ಕಳಿಸುವುದಾದರೆ ಎರಡು ದಾಖಲೆ. ಒಂದು, ಇಲ್ಲಿನ ಕಸ್ಟಮ್ಸ್‌ಗಾಗಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್. ಇದನ್ನು ಅಂಚೆ ಇಲಾಖೆಯ 'ಡಾಕ್ ಘರ್ ನಿರ್ಯಾತ್ ಕೇಂದ್ರ'ದ ಜಾಲತಾಣದಲ್ಲಿ ಮನೆಯಿಂದಲೇ ತುಂಬಬಹುದು. ಇನ್ನೊಂದು, ಅಲ್ಲಿನವರಿಗಾಗಿ ಪೆಟ್ಟಿಗೆಗೆ ಅಂಟಿಸುವ ಸಿಎನ್ 23 ಎಂಬ ಕಸ್ಟಮ್ಸ್ ಘೋಷಣಾ ಪತ್ರ. ಎರಡರಲ್ಲೂ ಸರಕಿನ ವಿವರಣೆ, ತೂಕ, ಬೆಲೆ ಒಂದೇ ರೀತಿ ಇರಬೇಕು. ಒಂದರಲ್ಲಿ 'ಸ್ಟ್ಯಾಚ್ಯೂ', ಇನ್ನೊಂದರಲ್ಲಿ 'ಹ್ಯಾಂಡಿಕ್ರಾಫ್ಟ್' ಎಂದಿದ್ದರೂ ತಕರಾರು ಬರಬಹುದು.

ವಿಗ್ರಹಗಳಿಗೆ ಇರುವ ಒಂದು ತೊಡಕು ಇಲ್ಲಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಎಕ್ಸ್-ರೇಯಲ್ಲಿ ಕಲ್ಲಿನ ಗಣಪ ಕಂಡ ಅಧಿಕಾರಿಗೆ ಅದು ಹೋದ ತಿಂಗಳು ಕೆತ್ತಿದ್ದೋ ಹೊಯ್ಸಳರ ಕಾಲದ್ದೋ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೆ ಪಾರ್ಸೆಲ್ ತಡೆದು, ಇದು ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ತನ್ನಿ ಎನ್ನುತ್ತಾರೆ. ಹೊಸ ನುಣುಪಿನ ಕೆಲಸಕ್ಕೆ ಈ ತೊಂದರೆ ಕಡಿಮೆ. ಎಣ್ಣೆ, ಕಪ್ಪು ತಿಕ್ಕಿ 'ಹಳೆಯ ಲುಕ್' ಕೊಟ್ಟ ಮೂರ್ತಿಗೆ ಹೆಚ್ಚು. ಗಿರಾಕಿ ಅಂಥದ್ದನ್ನೇ ಕೇಳಿದರೆ ಬೆಂಗಳೂರಿನ ಪುರಾತತ್ವ ಕಚೇರಿಯಲ್ಲಿ ಮೊದಲೇ ಪ್ರಮಾಣಪತ್ರ ಪಡೆಯಿರಿ. ಫೋಟೊ ಜೊತೆಗೆ ವಿಗ್ರಹವನ್ನೂ ತೋರಿಸಬೇಕಾಗುತ್ತದೆ. ಹೇಗಿದ್ದರೂ ಪೀಠದ ತಳದಲ್ಲಿ ಶಿಲ್ಪಿಯ ಹೆಸರು, ಊರು, ವರ್ಷ ಉಳಿಯಲ್ಲಿ ಕೊರೆದುಬಿಡಿ, ಆ ಭಾಗದ ಫೋಟೊವನ್ನು ಇನ್‌ವಾಯ್ಸ್‌ಗೆ ಲಗತ್ತಿಸಿ. ಅಪ್ಪ ಅರೆನಿಮಿಷದಲ್ಲಿ ಮಾಡುವ ಈ ಕೆಲಸ ವಾರಗಟ್ಟಲೆ ಓಡಾಟ ತಪ್ಪಿಸಬಲ್ಲದು.

'ಆಂಟಿಕ್' ಎಂಬ ಪದ ಕಾಗದದಲ್ಲಿ ಎಲ್ಲೂ ಬರಬಾರದು, 'ಆಂಟಿಕ್ ಫಿನಿಶ್' ಎಂದು ಕೂಡ. ವಿವರಣೆಯ ಜಾಗದಲ್ಲಿ ಹೀಗೆ ಬರೆಯಿರಿ:

```
NEW HANDCARVED SOAPSTONE GANESHA STATUE, 23 CM, 1 PC
HS 680299   ORIGIN: INDIA
```

ಎಚ್‌ಎಸ್ ಎಂದರೆ ಸುಂಕದ ಪಟ್ಟಿಯಲ್ಲಿ ಸರಕನ್ನು ಗುರುತಿಸುವ ಸಂಖ್ಯೆ. ಅದನ್ನು ಹಾಕುವಾಗ ಬಹಳ ಜನ 'ಶಿಲ್ಪ' ಎಂದು ಹುಡುಕಿ 9703 ಹಾಕುತ್ತಾರೆ. ಅದು ಕಲಾವಿದರ ಮೂಲಕೃತಿಗಳಿಗೆ ಮೀಸಲು. ಸಾಂಪ್ರದಾಯಿಕ ಕುಶಲಕರ್ಮಿಗಳು ಮಾರಾಟಕ್ಕಾಗಿ ಮಾಡುವ ಕೆಲಸ ಅದಕ್ಕೆ ಸೇರುವುದಿಲ್ಲ ಎಂದು ಆ ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಅಪ್ಪನ ಕೈಚಳಕಕ್ಕೆ ಇದು ಅನ್ಯಾಯ ಅನ್ನಿಸಬಹುದು, ನನಗೂ ಅನ್ನಿಸುತ್ತದೆ, ಆದರೆ ಸುಂಕದ ಪಟ್ಟಿ ನೋಡುವುದು ಹಾಗೆ. ಬಳಪದ ಕಲ್ಲಿಗೆ 6802.99, ಗ್ರಾನೈಟ್ ಆದರೆ 6802.93.

ಪ್ಯಾಕಿಂಗ್‌ಗೆ ಬರೋಣ. ನಿಮ್ಮ ಕಡೆ ವಿಗ್ರಹ ಲಾರಿಗೆ ಹಾಕುವಾಗ ಹುಲ್ಲು ತುಂಬುವುದು ರೂಢಿ. ಆಸ್ಟ್ರೇಲಿಯಾಕ್ಕೆ ಅದು ನಡೆಯುವುದಿಲ್ಲ. ರಾಗಿ ಹುಲ್ಲಾಗಲಿ, ಭತ್ತದ ಹುಲ್ಲಾಗಲಿ, ತೆಂಗಿನ ನಾರಾಗಲಿ ಪೆಟ್ಟಿಗೆಯಲ್ಲಿ ಕಂಡರೆ ಅಲ್ಲಿನ ಜೈವಿಕ ಸುರಕ್ಷತೆಯವರು ತಡೆಯುತ್ತಾರೆ. ಕಲ್ಲಿನ ಸಂದಿಯಲ್ಲಿ ಮಣ್ಣೂ ಇರಬಾರದು. ಬ್ರಷ್ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿಯೇ ಕಟ್ಟಿ. ಸಾದಾ ಮರದ ಪೆಟ್ಟಿಗೆಯಾದರೆ ಮರಕ್ಕೆ ಶಾಖ ಕೊಟ್ಟಿದೆ ಎಂಬ ಮುದ್ರೆ ಬೇಕು. ಪ್ಲೈವುಡ್‌ಗೆ ಆ ಅಂತರರಾಷ್ಟ್ರೀಯ ನಿಯಮ ಅನ್ವಯಿಸುವುದಿಲ್ಲ.

ಥರ್ಮೋಕೋಲ್ ಕಾಳು ಸುರಿದು ಕೈತೊಳೆದುಕೊಳ್ಳುವುದೂ ಬೇಡ. ಐದು ಕಿಲೋ ಕಲ್ಲು ದಾರಿಯ ಅಲುಗಾಟಕ್ಕೆ ಕಾಳನ್ನು ಅತ್ತಿತ್ತ ಸರಿಸಿಕೊಂಡು ತಳಕ್ಕೆ ಇಳಿಯುತ್ತದೆ, ಕೊನೆಗೆ ಪೆಟ್ಟಿಗೆಯ ಗೋಡೆಗೇ ತಾಗುತ್ತದೆ. ಮೊದಲು ಸೊಂಡಿಲಿಗೂ ಎದೆಗೂ ನಡುವಿನ ಸಂದಿಗೆ, ಕಿವಿಯ ಹಿಂದಕ್ಕೆ ಮೆತ್ತನೆಯ ಫೋಮ್ ತುಂಬಿ. ಆಮೇಲೆ ಪೀಠವನ್ನು ಪ್ಲೈವುಡ್ ತುಂಡಿನ ಮೇಲೆ ಕೂರಿಸಿ ಪಟ್ಟಿಯಿಂದ ಬಿಗಿಯಿರಿ. ಭಾರವೆಲ್ಲ ಪೀಠದಲ್ಲಿರುವುದರಿಂದ, ಅದು ತಿರುಗದಿದ್ದರೆ ಸೊಂಡಿಲಿನ ಮೇಲೆ ಒತ್ತಡ ಬೀಳುವುದಿಲ್ಲ. ಒಳಗೊಂದು, ಹೊರಗೊಂದು ರಟ್ಟಿನ ಪೆಟ್ಟಿಗೆ, ನಡುವೆ ಗಟ್ಟಿ ಫೋಮ್ ಹಲಗೆ. ಕಟ್ಟಿದ ಮೇಲೆ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.

ಹೀಗೆ ಕಟ್ಟಿದ ಪೆಟ್ಟಿಗೆ ಸುಮಾರು 40, 35, 35 ಸೆಂಟಿಮೀಟರ್ ಆಗುತ್ತದೆ, ತೂಕ ಏಳು ಕಿಲೋ ಎಂದಿಟ್ಟುಕೊಳ್ಳಿ. ಖಾಸಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. 49,000 ಭಾಗಿಸು 5000, ಅಂದರೆ 9.8. ತಕ್ಕಡಿಯಲ್ಲಿ ಏಳು ಕಿಲೋ ಇದ್ದರೂ ಅವರು ಹತ್ತು ಕಿಲೋಗೆ ಹಣ ಕೇಳುತ್ತಾರೆ. ಕಲ್ಲಿನ ಸರಕಿಗೆ ಈ ಲೆಕ್ಕ ಬರುವುದಿಲ್ಲ ಎಂದು ನಂಬಿ ದರ ಹೇಳಿದವರು ಕೈಯಿಂದ ಹಾಕಿಕೊಳ್ಳುತ್ತಾರೆ. ಹಾಗಾಗಿ ಪೆಟ್ಟಿಗೆ ಕಟ್ಟಿ, ಅಳೆದು, ಆಮೇಲೆ ಗಿರಾಕಿಗೆ ಬೆಲೆ ಹೇಳಿ. ಒಂದೊಂದಾಗಿ ಹೋಗುವ ಈ ಗಾತ್ರದ ಮೂರ್ತಿಗೆ ನಾನು ಅಂಚೆಯ ಇಎಂಎಸ್ ಸ್ಪೀಡ್ ಪೋಸ್ಟನ್ನೇ ಆರಿಸುತ್ತೇನೆ. ಕೊರಿಯರ್ ಬೇಗ ತಲುಪಿಸುತ್ತದೆ ನಿಜ. ಅವರ ಬಳಿ ಹೋದರೆ ಪಾರ್ಸೆಲನ್ನು ಸಿಎಸ್‌ಬಿ 5 ಎಂಬ ಕೊರಿಯರ್ ಶಿಪ್ಪಿಂಗ್ ಬಿಲ್ ಅಡಿಯಲ್ಲೇ ಹಾಕಲು ಹೇಳಿ, ಮಾರಾಟದ ಸರಕಿಗೆ ಇರುವುದು ಅದು. ಸಿಎಸ್‌ಬಿ 4 ಗಿಫ್ಟ್, ಸ್ಯಾಂಪಲ್‌ಗಳದ್ದು. ಕಲ್ಲು ಒಡೆದರೆ ವಿಮೆ ಕೊಡುತ್ತಾರಾ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ. ಮೂರಡಿಯ ನಂದಿಗೆ ಆರ್ಡರ್ ಬಂದರೆ ಆಗ ಹಡಗಿನ ಮಾತು, ಕಸ್ಟಮ್ಸ್ ಬ್ರೋಕರ್ ಬೇಕೇ ಬೇಕು.

ಈಗ ಬೆಲೆ. ಅಂಕಿಗಳು ಉದಾಹರಣೆಗೆ ಮಾತ್ರ. ಮೂರ್ತಿ, ಅಪ್ಪನ ಕೂಲಿ, ಲಾಭ ಸೇರಿ 18,000 ರೂಪಾಯಿ. ಪ್ಯಾಕಿಂಗ್ 1,500. ಸಾಗಣೆ 9,500. ಒಡೆದರೆ ಬದಲಿ ಕೊಡಲು ಮೂರ್ತಿಯ ಬೆಲೆಯ ಶೇ 5, ಅಂದರೆ 900. ಒಟ್ಟು 29,900. ಹಣ ತರಿಸುವ ಶುಲ್ಕಗಳಿಗೆ ಶೇ 4 ಹೋಗುತ್ತದೆ ಎಂದುಕೊಂಡರೆ, 29,900ಕ್ಕೆ ಶೇ 4 ಕೂಡಿಸಬಾರದು, 0.96ರಿಂದ ಭಾಗಿಸಬೇಕು. ಏಕೆಂದರೆ ಅವರು ಹಿಡಿಯುವುದು ಕೊನೆಯ ಮೊತ್ತದ ಮೇಲೆ. ಬರುವುದು ಸುಮಾರು 31,150.

ಇದನ್ನು ಡಾಲರ್ ಮಾಡುವಾಗ ಗೂಗಲ್‌ನ ದರ ಹಿಡಿಯಬೇಡಿ. ಗೂಗಲ್‌ನಲ್ಲಿ ಆಸ್ಟ್ರೇಲಿಯನ್ ಡಾಲರ್‌ಗೆ 58 ರೂಪಾಯಿ ಕಂಡ ದಿನ ಬ್ಯಾಂಕ್ ನಿಮ್ಮಿಂದ 56ಕ್ಕೆ ಕೊಳ್ಳಬಹುದು. ಬ್ಯಾಂಕಿನಲ್ಲಿ 'ಟಿಟಿ ಬೈಯಿಂಗ್' ದರ ಎಷ್ಟು ಎಂದು ಕೇಳಿ. 58ರಿಂದ ಭಾಗಿಸಿದರೆ 537 ಡಾಲರ್, 56ರಿಂದ ಭಾಗಿಸಿದರೆ 556. ಈ 19 ಡಾಲರ್ ಅಂದರೆ ಸಾವಿರ ರೂಪಾಯಿಗೂ ಮಿಕ್ಕಿ. ನೀವು 560 ಹೇಳಿ, ಬೆಲೆ 15 ದಿನಕ್ಕೆ ಮಾತ್ರ ಎಂದು ಸೇರಿಸಿ.

ಇನ್‌ವಾಯ್ಸ್‌ನಲ್ಲಿ 560 ಎಂದು ಒಟ್ಟಾಗಿ ಬರೆಯದೆ ಮೂರ್ತಿಗೆ 390, ಸಾಗಣೆಗೆ 170 ಎಂದು ಬೇರೆ ಮಾಡಿ. ಆಸ್ಟ್ರೇಲಿಯಾದ 1000 ಡಾಲರ್ ಮಿತಿ ಸರಕಿನ ಬೆಲೆಗೆ, ಸಾಗಣೆಗಲ್ಲ. ಹೀಗೆ ಬರೆದರೆ ಎರಡು ಗಣಪ ಒಟ್ಟಿಗೆ ಹೋದರೂ 780 ಆಗಿ ಮಿತಿಯೊಳಗೇ ಇರುತ್ತದೆ. ಮೂರಾದರೆ 1,170. ಆಗ ಅವರು ಅಲ್ಲಿ ಆಮದು ಘೋಷಣೆ ಸಲ್ಲಿಸಿ ಶೇ 10 ಜಿಎಸ್‌ಟಿ ಕಟ್ಟಬೇಕು. ಸುಂಕವನ್ನಾದರೂ ತಪ್ಪಿಸಬಹುದು: 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿರುವ ಭಾರತ-ಆಸ್ಟ್ರೇಲಿಯಾ ಒಪ್ಪಂದದಡಿ, ಸರಕು ಭಾರತದಲ್ಲೇ ತಯಾರಾದದ್ದು ಎಂಬ ಮೂಲ ಪ್ರಮಾಣಪತ್ರವನ್ನು ನೀವು ಇಲ್ಲಿಂದ ಕಳಿಸಿಕೊಟ್ಟರೆ ಸಾಕು. ಈ ಲೆಕ್ಕ ಅಮೆರಿಕದ ಗಿರಾಕಿಗೆ ಹೊಂದುವುದಿಲ್ಲ. ಅಲ್ಲಿದ್ದ 800 ಡಾಲರ್‌ವರೆಗಿನ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತುಹೋಗಿದೆ.

ಕೊನೆಗೆ ಬೆಂಗಳೂರಿನ ಅಣ್ಣನ ವಿಷಯ. ಅವರು ತಮ್ಮ ಖಾತೆಯಿಂದ ಫೋನ್‌ನಲ್ಲಿ ಹಾಕುವ ರೂಪಾಯಿಗೆ ಬ್ಯಾಂಕ್ ವಿದೇಶಿ ಹಣ ಬಂದ ದಾಖಲೆ ಕೊಡುವುದಿಲ್ಲ. ರಫ್ತಿನ ಬಿಲ್ ನಿಮ್ಮ ಹೆಸರಿನಲ್ಲಿ ಬಾಕಿ ಎಂದೇ ಉಳಿಯುತ್ತದೆ. ಮೆಲ್ಬರ್ನ್‌ನವರೇ ಅಲ್ಲಿನ ಖಾತೆಯಿಂದ ಇನ್‌ವಾಯ್ಸ್ ಸಂಖ್ಯೆ ನಮೂದಿಸಿ ಮುಂಗಡ ಕಳಿಸಲಿ. ಹಣ ಜಮೆಯಾದ ಪತ್ರ ಬ್ಯಾಂಕಿನಿಂದ ಕೈಸೇರಿದ ಮೇಲೆ ಪೆಟ್ಟಿಗೆಯನ್ನು ಅಂಚೆಗೆ ಕೊಡಿ, ಬುಕ್ ಆದ ರಸೀದಿ ಮತ್ತು ರಫ್ತು ಬಿಲ್ಲಿನ ಪ್ರತಿಯನ್ನು ಅದೇ ವಾರ ಬ್ಯಾಂಕಿಗೆ ತಲುಪಿಸಿ.