ಒಂಬತ್ತೂವರೆ ಗಂಟೆ ನಿದ್ದೆಯ ಅಪಾಯ ನಿದ್ದೆಯಿಂದಲೇ ಬರುತ್ತದೆಯೇ?

ಪ್ರಶ್ನೆ: ನಾನು ದಿನಕ್ಕೆ ಒಂಬತ್ತೂವರೆ ಗಂಟೆ ಮಲಗುತ್ತೇನೆ. ಏಳು ಗಂಟೆ ನಿದ್ದೆಯವರಿಗಿಂತ ಹೆಚ್ಚು ನಿದ್ದೆಯವರು ಬೇಗ ಸಾಯುತ್ತಾರೆ ಎಂದು ಓದಿ ಹೆದರಿಕೆಯಾಗಿದೆ. ಅಲಾರಂ ಇಟ್ಟು ಏಳಕ್ಕೆ ಇಳಿಸಲೇ?

ಅಲಾರಂ ಸದ್ಯಕ್ಕೆ ಬೇಡ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಕಥೆ.

ಅಮೆರಿಕದಲ್ಲಿ 1982ರಿಂದ ಹನ್ನೊಂದು ಲಕ್ಷ ಜನರನ್ನು ಆರು ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಏಳು ಗಂಟೆ ನಿದ್ದೆ ಎಂದವರಲ್ಲಿ. ಅದರಿಂದ ಎರಡೂ ಕಡೆಗೆ ಸರಿದಷ್ಟೂ ಗೆರೆ ಮೇಲೇರಿತು, ಇಂಗ್ಲಿಷಿನ ಯು ಅಕ್ಷರದಂತೆ. 2010ರಲ್ಲಿ ಇಂಥ ಹದಿನಾರು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಕಡಿಮೆ ನಿದ್ದೆಯವರಿಗೆ ಅಪಾಯ ಶೇ 12ರಷ್ಟು ಹೆಚ್ಚು, ಅತಿ ನಿದ್ದೆಯವರಿಗೆ ಶೇ 30ರಷ್ಟು ಹೆಚ್ಚು ಎಂದು ಬಂತು. ನಿದ್ದೆಗೆಟ್ಟವನಿಗಿಂತ ಹೊದ್ದು ಮಲಗಿದವನೇ ಕೆಟ್ಟ ಎನ್ನುವ ಈ ಲೆಕ್ಕ ಯಾರಿಗಾದರೂ ವಿಚಿತ್ರವೆನಿಸಬೇಕು.

ನನಗೆ ಇದು ಬಿಡಿಸಿಕೊಂಡದ್ದು ನನ್ನ ಅಣ್ಣನಿಂದ. ಐವತ್ತೆರಡರ ವಯಸ್ಸಿನವರೆಗೂ ಏಳು ಗಂಟೆಗೆ ತೃಪ್ತನಾಗಿದ್ದವನು ಒಂದೂವರೆ ವರ್ಷದಲ್ಲಿ ಒಂಬತ್ತೂವರೆಗೆ ಏರಿದ. ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದರೂ ಕಾಫಿ ಲೋಟ ಹಿಡಿದೇ ತೂಕಡಿಸುತ್ತಿದ್ದ. ನಾವೆಲ್ಲ ಸೋಮಾರಿ ಎಂದು ಛೇಡಿಸಿದೆವು. ಕೊನೆಗೆ ನಿದ್ರಾ ಪರೀಕ್ಷೆ ಮಾಡಿಸಿದಾಗ ಗಂಟೆಗೆ ಸುಮಾರು ಮೂವತ್ತನಾಲ್ಕು ಸಲ ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿರುವುದು ಕಂಡಿತು. ಸ್ಲೀಪ್ ಆಪ್ನಿಯಾ. ಪ್ರತಿ ಸಲವೂ ಆಮ್ಲಜನಕ ಇಳಿಯುತ್ತದೆ, ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಬಿಡಿಸುತ್ತದೆ, ಬೆಳಿಗ್ಗೆ ಯಾವುದೂ ನೆನಪಿರುವುದಿಲ್ಲ. ಒಂಬತ್ತೂವರೆ ಗಂಟೆ ಹಾಸಿಗೆಯಲ್ಲಿದ್ದರೂ ಅವನಿಗೆ ದಕ್ಕುತ್ತಿದ್ದದ್ದು ಚೂರುಚೂರಾದ ನಿದ್ದೆ. ಕೊರತೆ ತುಂಬಲು ದೇಹ ಹೊತ್ತನ್ನು ಹಿಗ್ಗಿಸಿತ್ತು, ಅಷ್ಟೇ.

ಆಗಿನ ದಿನಗಳಲ್ಲಿ ಸಮೀಕ್ಷೆಯವರು ಬಂದು ಎಷ್ಟು ನಿದ್ದೆ ಎಂದು ಕೇಳಿದ್ದರೆ ಅಣ್ಣ "ಒಂಬತ್ತೂವರೆ ಗಂಟೆ" ಎನ್ನುತ್ತಿದ್ದ. ಮುಂದೆ ಆಪ್ನಿಯಾದಿಂದ ರಕ್ತದೊತ್ತಡ ಏರಿ ಹೃದಯಾಘಾತವಾಗಿದ್ದರೆ ಅದು ಅತಿ ನಿದ್ದೆಯ ಖಾತೆಗೆ ಜಮೆಯಾಗುತ್ತಿತ್ತು. ಹೆಚ್ಚಿನ ದೊಡ್ಡ ಅಧ್ಯಯನಗಳು ನಿದ್ದೆಯನ್ನು ಅಳೆದಿಲ್ಲ, ಕೇಳಿ ಬರೆದುಕೊಂಡಿವೆ. ಜನ ಹೇಳುವುದು ಬಹುಮಟ್ಟಿಗೆ ಹಾಸಿಗೆಯಲ್ಲಿದ್ದ ಹೊತ್ತನ್ನು. ಆಪ್ನಿಯಾ ಒಂದೇ ಅಲ್ಲ: ಖಿನ್ನತೆ, ಥೈರಾಯ್ಡ್ ಕೊರತೆ, ಒಳಗೊಳಗೇ ಬೆಳೆಯುತ್ತಿರುವ ಉರಿಯೂತ, ಕೆಲವು ಮಾತ್ರೆಗಳು, ಇವೂ ಮನುಷ್ಯನನ್ನು ಹಾಸಿಗೆಗೆ ಅಂಟಿಸುತ್ತವೆ. ಜ್ವರ ಬಂದಾಗ ಮಲಗಿಯೇ ಇರುತ್ತೇವೆ, ಹಾಗೆಂದು ಮಲಗಿದ್ದರಿಂದ ಜ್ವರ ಬಂತು ಎನ್ನುವುದಿಲ್ಲವಲ್ಲ.

ಇದು ಅಂಕಿಯಲ್ಲಿ ಹೇಗೆ ಕಾಣುತ್ತದೆ ಎಂದು ಊಹೆಯ ಲೆಕ್ಕವೊಂದನ್ನು ಮಾಡೋಣ. ನಿದ್ದೆಯ ಅವಧಿಯಿಂದ ಯಾವ ಹಾನಿಯೂ ಇಲ್ಲವೆಂದೇ ಇಟ್ಟುಕೊಳ್ಳಿ. ಹತ್ತು ವರ್ಷದಲ್ಲಿ ಆರೋಗ್ಯವಂತರಲ್ಲಿ ನೂರಕ್ಕೆ ಐವರು, ಅಡಗಿದ ಕಾಯಿಲೆ ಇರುವವರಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಸಾಯುತ್ತಾರೆ. ಏಳು ಗಂಟೆಯ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಕಾಯಿಲೆ ಇದ್ದರೆ ಸಾವು ನಾಲ್ಕು ಮತ್ತು ನಾಲ್ಕು, ಎಂಟು. ಒಂಬತ್ತು ಗಂಟೆಯ ನೂರು ಜನರಲ್ಲಿ ನಲವತ್ತು ಮಂದಿಗೆ ಕಾಯಿಲೆ ಇದ್ದರೆ ಮೂರು ಮತ್ತು ಎಂಟು, ಹನ್ನೊಂದು. ನಿದ್ದೆಯ ತಪ್ಪು ಸೊನ್ನೆ, ಆದರೂ ಅಪಾಯ ಶೇ 37.5ರಷ್ಟು ಹೆಚ್ಚು ಕಂಡಿತು! ಸಂಶೋಧಕರು ಗೊತ್ತಿರುವ ಕಾಯಿಲೆಗಳನ್ನು ಲೆಕ್ಕದಿಂದ ಕಳೆಯುತ್ತಾರೆ ನಿಜ, ಆದರೆ ಪತ್ತೆಯಾಗದ ಕಾಯಿಲೆಯನ್ನು ಕಳೆಯುವುದು ಹೇಗೆ?

2019ರಲ್ಲಿ ಬ್ರಿಟನ್ನಿನ ಸುಮಾರು 4.6 ಲಕ್ಷ ಜನರ ಮಾಹಿತಿಯಲ್ಲಿ ಇದನ್ನು ಬೇರೆ ದಾರಿಯಿಂದ ನೋಡಿದರು. ಸಾಮಾನ್ಯ ಲೆಕ್ಕದಲ್ಲಿ ಕಡಿಮೆ ನಿದ್ದೆಯವರಿಗೂ ಅತಿ ನಿದ್ದೆಯವರಿಗೂ ಹೃದಯಾಘಾತ ಹೆಚ್ಚು. ಹುಟ್ಟಿನಿಂದಲೇ ಬಂದ, ನಿದ್ದೆಯ ಅವಧಿಯನ್ನು ತುಸು ಅತ್ತಿತ್ತ ಮಾಡುವ ವಂಶವಾಹಿಗಳನ್ನು ಹಿಡಿದು ನೋಡಿದಾಗ ಕಡಿಮೆ ನಿದ್ದೆಯ ಅಪಾಯ ಉಳಿಯಿತು, ಅತಿ ನಿದ್ದೆಯದಕ್ಕೆ ಅಂಥ ಪುರಾವೆ ಸಿಗಲಿಲ್ಲ. ನಡುವಯಸ್ಸಿನ ಕಾಯಿಲೆ ಹುಟ್ಟಿನಿಂದ ಬಂದ ವಂಶವಾಹಿಯನ್ನು ಬದಲಿಸಲಾರದು, ಅದೇ ಈ ವಿಧಾನದ ಜಾಣ್ಮೆ. ಆದರೆ ಆ ವಂಶವಾಹಿಗಳು ವಿವರಿಸುವ ವ್ಯತ್ಯಾಸ ತೀರಾ ಸಣ್ಣದು, ಆದ್ದರಿಂದ ಅತಿ ನಿದ್ದೆ ಪೂರ್ತಿ ನಿರಪರಾಧಿ ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ.

ಈಗ ನಿಮ್ಮ ವಿಷಯ. ಹದಿಹರೆಯ ದಾಟಿದಾಗಿನಿಂದಲೂ ಒಂಬತ್ತು ಗಂಟೆಯೇ ಬೇಕಾಗಿದ್ದು, ಎದ್ದಾಗ ಹಗುರವೆನಿಸುತ್ತಿದ್ದರೆ ಅದು ನಿಮ್ಮ ಮೈಯ ಅಳತೆ ಇರಬಹುದು. ಇತ್ತೀಚೆಗೆ ಏರಿದ್ದರೆ, ಎದ್ದಮೇಲೂ ಕಣ್ಣು ಎಳೆಯುತ್ತಿದ್ದರೆ, ಅಲಾರಂ ಇಡುವುದು ಜ್ವರಮಾಪಕವನ್ನು ಒಡೆದಂತೆ. ಅಣ್ಣ ಹೊತ್ತನ್ನು ಕತ್ತರಿಸಲಿಲ್ಲ. ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗತೊಡಗಿದ ಮೇಲೆ ಎರಡು ತಿಂಗಳಲ್ಲಿ ನಿದ್ದೆ ತಾನಾಗಿ ಏಳೂವರೆಗೆ ಇಳಿಯಿತು.

ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಎದ್ದಾಗಿನ ಸ್ಥಿತಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು, ನೀವು ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತಂತಾಗುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ನಮ್ಮ ಅತ್ತಿಗೆಗೆ ಇದು ಒಂದು ವರ್ಷದಿಂದ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.